ಸೀನ, ಸೀನು, ಸೀನಣ್ಣ: ಕರೆಯುವ ಹೆಸರು ಇಂಗ್ಲಿಷಿಗೆ ಹೋದಾಗ

ಕಥೆಗಳನ್ನು ಅನುವಾದ ಮಾಡುವವರು ಮತ್ತು ಸಿನಿಮಾಗೆ ಸಬ್‌ಟೈಟಲ್ ಬರೆಯುವವರು ಸೇರಿದ್ದ ಒಂದು ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ ಇದು.

ಎಲ್ಲರಿಗೂ ನಮಸ್ಕಾರ.

ಈ ಸಭೆಯಲ್ಲಿ ಒಬ್ಬರಾದರೂ ಶ್ರೀನಿವಾಸ ಇದ್ದೇ ಇರುತ್ತೀರಿ. ನಿಮ್ಮನ್ನು ಅಮ್ಮ ಸೀನು ಅಂತಾರೆ. ಜೊತೆಯಲ್ಲಿ ಓದಿದವರು ಸೀನ ಅಂತಾರೆ. ಬೀದಿಯ ಚಿಕ್ಕ ಹುಡುಗರಿಗೆ ನೀವು ಸೀನಣ್ಣ. ಆಫೀಸಿನಲ್ಲಿ ಶ್ರೀನಿ. ಧಾರವಾಡದ ಕಡೆಯವರಾದರೆ ಗೆಳೆಯರ ಬಾಯಲ್ಲಿ ಶೀನ್ಯಾ. ಬ್ಯಾಂಕಿನಲ್ಲಿ ಕೂಗುವಾಗ ಮಾತ್ರ ಪೂರ್ತಿ ಶ್ರೀನಿವಾಸ.

ಕನ್ನಡದ ಕಥೆಯಲ್ಲಿ ಈ ಎಲ್ಲ ಹೆಸರೂ ಒಂದೇ ಪುಟದಲ್ಲಿ ಬಂದರೂ ನಮಗೆ ಗೊಂದಲ ಆಗುವುದಿಲ್ಲ. ಯಾರ ಬಾಯಲ್ಲಿ ಯಾವುದು ಬಂತು ಅನ್ನುವುದರಿಂದಲೇ ಅರ್ಧ ಕಥೆ ಗೊತ್ತಾಗಿಬಿಡುತ್ತದೆ. ಇಂಗ್ಲಿಷಿನಲ್ಲಿ ಓದುವವರಿಗೆ ಹಾಗಲ್ಲ. ಅವರಿಗೆ ಅಲ್ಲಿ ಆರು ಜನ ಕಾಣುತ್ತಾರೆ. ಹೀಗಾಗಬಾರದು ಅಂತ ಅನುವಾದಕರು ಎಲ್ಲವನ್ನೂ ಒಂದೇ ಹೆಸರಿಗೆ ಇಳಿಸಿಬಿಟ್ಟರೆ, ಜನ ಒಬ್ಬನೇ ಆಗುತ್ತಾನೆ ನಿಜ, ಆದರೆ ಅವನ ಸುತ್ತ ಇದ್ದ ಸಂಬಂಧಗಳೆಲ್ಲ ಅಳಿಸಿಹೋಗುತ್ತವೆ. ನನ್ನ ಮಾತೆಲ್ಲ ಈ ಎರಡು ತೊಂದರೆಗಳ ನಡುವೆ ಏನು ಮಾಡಬಹುದು ಅನ್ನುವುದರ ಬಗ್ಗೆ.

ಮೊದಲು ನಾವು ಹೆಸರನ್ನು ಹೇಗೆ ಚಿಕ್ಕದು ಮಾಡುತ್ತೇವೆ ನೋಡೋಣ. ಸುಮ್ನೆ ಬಾಯಿಗೆ ಬಂದ ಹಾಗೆ ಕತ್ತರಿಸುತ್ತೇವೆ ಅಂತ ಅನ್ನಿಸುತ್ತದೆ, ಹಾಗೇನಿಲ್ಲ. ಅದಕ್ಕೊಂದು ಕ್ರಮ ಇದೆ. ಹೆಸರಿನ ಮೊದಲ ತುಂಡನ್ನು ಇಟ್ಟುಕೊಳ್ಳುತ್ತೇವೆ, ಒತ್ತಕ್ಷರದ ಗಂಟನ್ನು ಬಿಡಿಸುತ್ತೇವೆ, ಮೊದಲ ಸ್ವರ ಗಿಡ್ಡದಾಗಿದ್ದರೆ ಅದರ ಮುಂದಿನ ವ್ಯಂಜನವನ್ನು ದಪ್ಪ ಮಾಡುತ್ತೇವೆ. ಕೃಷ್ಣ ಕಿಟ್ಟ ಆಗುವುದು ಹೀಗೆ. ಸುಬ್ರಹ್ಮಣ್ಯ ಸುಬ್ಬ ಆಗುತ್ತಾನೆ, ಪದ್ಮಾವತಿ ಪದ್ದು ಆಗುತ್ತಾಳೆ, ಲಕ್ಷ್ಮಿ ಲಚ್ಚಿ ಆಗುತ್ತಾಳೆ. ಮೊದಲ ಸ್ವರ ಉದ್ದವಾಗಿದ್ದರೆ ದಪ್ಪ ಮಾಡುವ ಅಗತ್ಯ ಬೀಳುವುದಿಲ್ಲ. ಶ್ರೀನಿವಾಸ ಸೀನ, ಗೋಪಾಲ ಗೋಪಿ, ನಾರಾಯಣ ನಾಣಿ. ಎರಡೂ ಬಗೆಯಲ್ಲಿ ಮೊದಲ ಅಕ್ಷರದ ಮೇಲೆ ಭಾರ ಬಿದ್ದು, ಆಮೇಲೆ ಒಂದು ಹಗುರ ಅಕ್ಷರ ಬರುತ್ತದೆ. ಬೀದಿಯ ಆ ತುದಿಯಿಂದ ಕೂಗಿದರೂ ಕೇಳಿಸುವ ಅಳತೆ ಅದು.

ಈಗಿನ ಊರು-ಪೇಟೆಯ ಹೆಸರುಗಳಲ್ಲಿ ಈ ಕೆಲಸ ಅರ್ಧಕ್ಕೆ ನಿಲ್ಲುತ್ತದೆ. ಅಭಿಷೇಕನನ್ನು ಅಭಿ ಅನ್ನುತ್ತಾರೆ, ರಘುನಂದನನನ್ನು ರಘು ಅನ್ನುತ್ತಾರೆ. ಕತ್ತರಿಸುವುದಷ್ಟೇ, ದಪ್ಪ ಮಾಡುವುದಿಲ್ಲ. ಹಾಗಾಗಿ ಕಿಟ್ಟ, ಸುಬ್ಬ, ಲಚ್ಚಿ ಅಂತ ಕೇಳಿದ ತಕ್ಷಣ ನಮಗೆ ಒಂದು ವಯಸ್ಸು, ಒಂದು ಊರು ನೆನಪಾಗುತ್ತದೆ. ಅಭಿ ಅಂದರೆ ಬೇರೆಯೇ ವಯಸ್ಸು. ಇಂಗ್ಲಿಷಿಗೆ ತರುವಾಗ ಇದನ್ನು ಉಳಿಸಿಕೊಳ್ಳುವ ದಾರಿ ಒಂದೇ, ಹೆಸರನ್ನು ಅದು ಇದ್ದ ಹಾಗೆ ಬಿಡುವುದು. ಕಿಟ್ಟನನ್ನು ‘ಕ್ರಿಸ್’ ಮಾಡಿದರೆ ಅವನ ವಯಸ್ಸೂ ಹೋಯಿತು, ಊರೂ ಹೋಯಿತು.

ಹೆಸರಿನ ತುಂಡು ಯಾರು ಅನ್ನುವುದನ್ನು ಹೇಳುತ್ತದೆ. ಆಮೇಲೆ ಬರುವ ಬಾಲ ಕರೆಯುವವರು ಯಾರು ಅನ್ನುವುದನ್ನು ಹೇಳುತ್ತದೆ. ನನಗೆ ಮುಖ್ಯ ಅನ್ನಿಸುವುದು ಈ ಬಾಲವೇ.

‘ಅ’ದಲ್ಲಿ ಮುಗಿಯುವ ಸೀನ, ಕಿಟ್ಟ, ವೆಂಕ, ಮಂಜ ಇವೆಲ್ಲ ಸಲುಗೆಯ ಹೆಸರುಗಳು. ಸರಿಸಮಾನರು ಬಳಸುವಂಥವು. ಹುಡುಗ, ಅರಸ, ಕಳ್ಳ ಅನ್ನುವ ಹಾಗೆ ಗಂಡಸಿನ ಗುರುತು ಅದರಲ್ಲೇ ಇದೆ. ಅದೇ ಹೆಸರಿಗೆ ‘ಉ’ ಸೇರಿದರೆ ಮಾತು ಮೆತ್ತಗಾಗುತ್ತದೆ. ಸೀನು, ಮಂಜು, ಕಿಟ್ಟು. ಅಮ್ಮ, ಅಕ್ಕ, ಅತ್ತೆ ಕರೆಯುವುದು ಜಾಸ್ತಿ ಹೀಗೆ. ಇದಕ್ಕೆ ಗಂಡು ಹೆಣ್ಣು ಅನ್ನುವ ಭೇದ ಇಲ್ಲ, ಪದ್ದು, ಜಾನು, ಸರಸು ಕೂಡ ಇದೇ ಬಾಲದವರು. ‘ಇ’ ಸ್ವಲ್ಪ ಆಟದ ಬಾಲ. ಹುಡುಗಿ, ಕಳ್ಳಿ ಅನ್ನುವ ಹಾಗೆ ಅದು ಹೆಣ್ಣಿನ ಗುರುತು, ಅದಕ್ಕೇ ಪದ್ದಿ, ಕಮಲಿ, ಲಚ್ಚಿ. ಆದರೆ ಪುಟ್ಟ ಹುಡುಗರಿಗೂ ಅದನ್ನು ಅಂಟಿಸುತ್ತೇವೆ, ಅವರು ದೊಡ್ಡವರಾದ ಮೇಲೂ ಕಿಟ್ಟಿ, ನಾಣಿ ಆಗಿಯೇ ಉಳಿಯುತ್ತಾರೆ. ಉತ್ತರ ಕರ್ನಾಟಕದಲ್ಲಿ ಗೆಳೆಯರ ಬಾಲ ‘ಯಾ’. ಬಸವರಾಜ ಬಸ್ಯಾ, ಮಲ್ಲಿಕಾರ್ಜುನ ಮಲ್ಲ್ಯಾ, ರಮೇಶ ರಮ್ಯಾ. ಸಂಗ್ಯಾ-ಬಾಳ್ಯಾ ಸಣ್ಣಾಟ ನೋಡಿದವರಿಗೆ ಈ ಬಾಲ ಚೆನ್ನಾಗಿ ಗೊತ್ತು. ಇಬ್ಬರು ಗೆಳೆಯರ ಕಥೆ ಅನ್ನುವುದು ಆ ಹೆಸರಲ್ಲೇ ಇದೆ.

ಇವುಗಳ ಮೇಲೆ ಅಣ್ಣ, ಅಕ್ಕ, ಅಪ್ಪ, ಅಮ್ಮ, ಅವ್ವ ಸೇರಿಸಿದರೆ ಸಲುಗೆಯ ಜೊತೆ ಮರ್ಯಾದೆಯೂ ಬರುತ್ತದೆ. ಸುಬ್ಬಣ್ಣ, ಪದ್ದಕ್ಕ, ಕಿಟ್ಟಪ್ಪ, ಲಚ್ಚವ್ವ. ಇದರ ಬಗ್ಗೆ ಇಲ್ಲಿ ಇಷ್ಟು ಸಾಕು. ಸುಬ್ಬಣ್ಣ ಅನ್ನುವುದನ್ನು ‘ಬ್ರದರ್ ಸುಬ್ಬ’ ಅಂತ ಮಾಡಬೇಡಿ, ಅದು ಚರ್ಚಿನ ಮಾತಿನ ಹಾಗೆ ಕೇಳಿಸುತ್ತದೆ. ಶಿವರಾಜ್‌ಕುಮಾರ್ ಅವರನ್ನು ಇಂಗ್ಲಿಷ್ ಪತ್ರಿಕೆಗಳೂ Shivanna ಅಂತಲೇ ಬರೆಯುತ್ತವೆ, ಓದುಗರಿಗೆ ಏನೂ ತೊಂದರೆ ಆಗಿಲ್ಲ.

ಈಗ ಈ ಬಾಲಗಳು ಇಂಗ್ಲಿಷಿಗೆ ಹೋದರೆ ಏನಾಗುತ್ತದೆ? ಇಲ್ಲಿ ಒಂದು ವಿಚಿತ್ರ ಇದೆ, ತುಂಬಾ ಜನ ಇದನ್ನು ಗಮನಿಸುವುದಿಲ್ಲ. ನಮ್ಮ ಬಾಲಗಳ ಗಂಡು-ಹೆಣ್ಣು ಅಲ್ಲಿ ಉಲ್ಟಾ ಆಗಿಬಿಡುತ್ತದೆ.

ಇಂಗ್ಲಿಷ್ ಕಿವಿಗೆ ‘ಅ’ದಲ್ಲಿ ಮುಗಿಯುವ ಹೆಸರು ಹೆಣ್ಣಿನದು. ಅನ್ನಾ, ಮಾರಿಯಾ, ಶೀನಾ. ಹಾಗಾಗಿ ನಮ್ಮ ಸೀನ ಅಲ್ಲಿ Seena ಆದ ಕೂಡಲೇ ಹುಡುಗಿ ಆಗುತ್ತಾನೆ. ಹುಬ್ಬಳ್ಳಿಯ ರಮ್ಯಾ, ಅಂದರೆ ರಮೇಶ, Ramya ಅಂತ ಬಿದ್ದರಂತೂ ಬೆಂಗಳೂರಿನ ಓದುಗರೇ ಮೋಸ ಹೋಗುತ್ತಾರೆ. ಇನ್ನೊಂದು ಕಡೆ ‘ಇ’ ಬಾಲ. ಅದು ಇಂಗ್ಲಿಷಿನ ಸ್ವಂತ ಪ್ರೀತಿಯ ಬಾಲ. ಜಾನಿ, ಬಿಲ್ಲಿ, ಟಾಮಿ. ಆದ್ದರಿಂದ ಅದು ಸಲೀಸಾಗಿ ಒಳಗೆ ಹೋಗುತ್ತದೆ. ಭದ್ರಾವತಿಯ ಜಿ. ಆರ್. ವಿಶ್ವನಾಥ್ ಅವರನ್ನು ಇಂಗ್ಲಿಷ್ ಕಾಮೆಂಟರಿಯವರು Vishy ಅಂದಾಗ ಯಾರಿಗೂ ವಿವರಣೆ ಬೇಕಾಗಲಿಲ್ಲ. ಆಫೀಸುಗಳಲ್ಲಿ ವೆಂಕಟೇಶ Venky ಆಗಿ ನಿಂತಿರುವುದೂ ಅದೇ ಕಾರಣಕ್ಕೆ.

ಆದರೆ ಸಲೀಸು ಅಂತ ನಂಬಿಕೊಂಡರೆ ಎಡವುತ್ತೇವೆ. ಕಿಟ್ಟಿಯನ್ನು Kitty ಅಂತ ಬರೆದರೆ ಬೆಕ್ಕಿನ ಮರಿ. ಪದ್ದಿಯನ್ನು Paddy ಅಂತ ಬರೆದರೆ ಒಂದೋ ಭತ್ತ, ಇಲ್ಲವೇ ಐರ್ಲೆಂಡಿನ ಗಂಡಸು, ಯಾಕೆಂದರೆ ಅದು ಪ್ಯಾಟ್ರಿಕ್ ಅನ್ನುವ ಹೆಸರಿನ ಚಿಕ್ಕ ರೂಪ. ನಾಣಿಯನ್ನು Nani ಅಂತ ಬರೆದರೆ ಭಾರತದ ಓದುಗರಲ್ಲಿ ಹಿಂದಿ ಬಲ್ಲವರಿಗೆಲ್ಲ ತಾಯಿಯ ತಾಯಿ ಕಾಣಿಸುತ್ತಾಳೆ. ಸೈಕಲ್ ಹೊಡೆಯುತ್ತಿದ್ದ ಹತ್ತು ವರ್ಷದ ಹುಡುಗ ಅಜ್ಜಿ ಆಗಿಬಿಟ್ಟರೆ ಪುಟ ಓದುವುದು ಹೇಗೆ? ಇಂಥ ಕಡೆ ಕಾಗುಣಿತ ಕೈಹಿಡಿಯುತ್ತದೆ. Kitti ಅಂದರೆ ಬೆಕ್ಕು ದೂರ ಹೋಗುತ್ತದೆ. Naani ಅಂತ ಬರೆದರೆ ಸ್ವಲ್ಪ ವಾಸಿ, ಆದರೆ ಪೂರ್ತಿ ಅಲ್ಲ. ಹಾಗಾಗಿ ನಾಣಿಯ ವಿಷಯದಲ್ಲಿ ನಾನು ಮೊದಲ ಸಾಲಿನಲ್ಲೇ ಅವನು ಹುಡುಗ ಅಂತ ಗೊತ್ತಾಗುವ ಹಾಗೆ ನೋಡಿಕೊಳ್ಳುತ್ತೇನೆ. ಹೆಸರು ಬಂದ ವಾಕ್ಯದಲ್ಲೇ ‘ಹಿ’ ಅನ್ನುವ ಸರ್ವನಾಮ ಬರಬೇಕು.

‘ಉ’ ಬಾಲ ಈ ಗಲಾಟೆಯಿಂದ ಹೊರಗೆ ಉಳಿಯುತ್ತದೆ. ಇಂಗ್ಲಿಷಿನಲ್ಲಿ ಅದು ಗಂಡೂ ಅಲ್ಲ ಹೆಣ್ಣೂ ಅಲ್ಲ, ಆದರೆ ಚಿಕ್ಕದು, ಮುದ್ದಿನದು ಅಂತ ಹೇಗೋ ಗೊತ್ತಾಗುತ್ತದೆ. Seenu, Subbu, Raju ಓದುಗರಿಗೆ ಅಡ್ಡ ಬರುವುದಿಲ್ಲ. ಒಂದೇ ಎಚ್ಚರಿಕೆ ಮಂಜು. ಕರ್ನಾಟಕದಲ್ಲಿ ಮಂಜು ಅಂದರೆ ಮಂಜುನಾಥನೂ ಆಗಬಹುದು, ಮಂಜುಳನೂ ಆಗಬಹುದು. ಉತ್ತರ ಭಾರತದವರಿಗೆ ಅದು ಹೆಂಗಸಿನ ಹೆಸರು ಮಾತ್ರ. ಅಲ್ಲಿಯೂ ಅದೇ ಉಪಾಯ, ಸರ್ವನಾಮ ಬೇಗ ಬರಬೇಕು.

ಇಷ್ಟು ಹೇಳಿದ ಮೇಲೆ ಒಬ್ಬರು ಕೇಳಬಹುದು, ಹಾಗಾದರೆ ಎಲ್ಲರಿಗೂ ‘ಉ’ ಹಾಕಿಬಿಟ್ಟರೆ ಆಯಿತಲ್ಲ ಅಂತ. ಆಗುವುದಿಲ್ಲ. ಯಾಕೆ ಅಂತ ಹೇಳುವುದಕ್ಕೆ ನಾನು ಇನ್ನೊಂದು ವಿಷಯಕ್ಕೆ ಬರಬೇಕು. ಇದು ಪ್ರೀತಿಯ ಮಾತಲ್ಲ, ಆದರೂ ಹೇಳಲೇಬೇಕು.

ಹೆಸರನ್ನು ಕತ್ತರಿಸುವುದು ಯಾವಾಗಲೂ ಪ್ರೀತಿಯಿಂದ ಅಲ್ಲ. ಹಳೆ ಮೈಸೂರು ಕಡೆಯ ಹಳ್ಳಿಯ ಕಥೆಗಳಲ್ಲಿ ಗೌಡರೋ ಜಮೀನ್ದಾರರೋ ಆಳನ್ನು “ಲೋ ಮಾರ, ಬಾರೋ ಇಲ್ಲಿ” ಅನ್ನುತ್ತಾರೆ. ಅವನ ಮನೆಯಲ್ಲಿ ಅವನು ಮಾರಪ್ಪ ಅಥವಾ ಮಾರಯ್ಯ. ಅವನ ಹೆಂಡತಿ ಚೆನ್ನಮ್ಮ ದಣಿಗಳ ಅಂಗಳಕ್ಕೆ ಬಂದರೆ ಚೆನ್ನಿ. ಅರವತ್ತು ವರ್ಷದ ಮಾರಯ್ಯನನ್ನು ಹತ್ತು ವರ್ಷದ ದಣಿಯ ಮಗನೂ ಮಾರ ಅನ್ನುತ್ತಾನೆ, ಆ ಮುದುಕ “ಬುದ್ಧೀ” ಅಂತ ಓಗೊಡುತ್ತಾನೆ. ವ್ಯಾಕರಣದಲ್ಲಿ ನೋಡಿದರೆ ಮಾರ ಅನ್ನುವುದರ ‘ಅ’ವೂ ಸೀನ ಅನ್ನುವುದರ ‘ಅ’ವೂ ಒಂದೇ. “ಲೋ” ಕೂಡ ಒಂದೇ. ಆದರೆ ಒಂದು ಗೆಳೆತನ, ಇನ್ನೊಂದು ತುಳಿತ.

ಎರಡನ್ನೂ ಬೇರೆ ಮಾಡಿ ನೋಡುವುದು ಹೇಗೆ? ನಾನು ಒಂದೇ ಒಂದು ವಿಷಯ ನೋಡುತ್ತೇನೆ. ಹೆಸರು ಎರಡೂ ಕಡೆಯಿಂದ ಕತ್ತರಿಸಲ್ಪಡುತ್ತಿದೆಯೇ? ಸೀನ ಕಿಟ್ಟನನ್ನು ಕಿಟ್ಟ ಅನ್ನುತ್ತಾನೆ, ಕಿಟ್ಟ ಸೀನನನ್ನು ಸೀನ ಅನ್ನುತ್ತಾನೆ. ಇಬ್ಬರೂ “ಲೋ” ಅನ್ನಬಹುದು. ಅಲ್ಲಿ ಸಲುಗೆ ಇದೆ. ಮಾರನ ಹೆಸರು ಕತ್ತರಿಸಿದವರಿಗೆ ಮಾರ ತಿರುಗಿ ಹಾಗೆ ಮಾಡುವಂತಿಲ್ಲ. ಮಾಡಿದ ದಿನ ಊರಲ್ಲಿ ಪಂಚಾಯಿತಿ ಸೇರುತ್ತದೆ. ಒಂದೇ ಕಡೆ ಹರಿಯುವ ಸಲುಗೆ ಸಲುಗೆಯೇ ಅಲ್ಲ.

ಅನುವಾದಕರು ಇದನ್ನು ಮೊದಲೇ ಗುರುತಿಸಿಕೊಂಡಿರಬೇಕು. ಮಾರನನ್ನು ನಾನು Maru ಅಂತ ಮುದ್ದು ಮಾಡಿದರೆ ದಣಿಯನ್ನು ಒಳ್ಳೆಯವನನ್ನಾಗಿ ಮಾಡಿದ ಹಾಗೆ ಆಗುತ್ತದೆ. ಅಲ್ಲಿ ಮನೆಯವರ ಬಾಯಲ್ಲಿ Marayya ಅಂತಲೂ ದಣಿಗಳ ಬಾಯಲ್ಲಿ Mara ಅಂತಲೂ ಎರಡು ರೂಪವನ್ನೂ ಬಿಡದೆ ಇಡಬೇಕು. ‘ಅ’ ಬಾಲ ಇಂಗ್ಲಿಷಿನಲ್ಲಿ ಹೆಣ್ಣಾಗಿ ಕೇಳಿಸುತ್ತದೆ ಅನ್ನುವ ತೊಂದರೆಯನ್ನು ಇಲ್ಲಿ ಸಹಿಸಿಕೊಳ್ಳಲೇಬೇಕು. ಓದುಗರಿಗೆ ಒಂದು ಕ್ಷಣ ತಡವರಿಸುವುದಕ್ಕಿಂತ ಮಾರಯ್ಯನ ಹೆಸರನ್ನು ಯಾರು ಮೊಟಕು ಮಾಡಿದರು ಅನ್ನುವುದು ದೊಡ್ಡ ವಿಷಯ.

ಈಗ ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ಇದು ಈ ಮಾತಿಗೋಸ್ಕರವೇ ನಾನು ಬರೆದುಕೊಂಡ ಸಣ್ಣ ತುಣುಕು. ಶ್ರೀನಿವಾಸ, ಕೃಷ್ಣಮೂರ್ತಿ ಬಾಲ್ಯದ ಗೆಳೆಯರು. ಕೃಷ್ಣಮೂರ್ತಿ ಸಾಲ ತೆಗೆದುಕೊಂಡಿದ್ದಾನೆ, ವಾಪಸ್ ಕೊಟ್ಟಿಲ್ಲ. ಒಂದು ಸಂಜೆ ಶ್ರೀನಿವಾಸನ ಮನೆಗೆ ಬರುತ್ತಾನೆ.

“ಲೋ ಸೀನ, ಇದ್ದೀಯೇನೋ?”

“ಸೀನೂ, ಕಿಟ್ಟಿ ಬಂದಿದಾನೆ ನೋಡು.” ಇದು ಒಳಗಿಂದ ತಾಯಿ.

“ಏನೋ ಕಿಟ್ಟ, ಇಷ್ಟು ದೂರ?”

“ಸುಮ್ನೆ ಬಂದೆ ಕಣೋ.”

ಕಾಫಿ ಆಗುತ್ತದೆ. ಮಾತು ಅಲ್ಲಿ ಇಲ್ಲಿ ಸುತ್ತಿ ದುಡ್ಡಿಗೆ ಬರುತ್ತದೆ.

“ನೋಡು ಸೀನು, ಇನ್ನೊಂದು ತಿಂಗಳು ಟೈಮ್ ಕೊಡು.”

“ಕೃಷ್ಣಮೂರ್ತಿ, ನೀವು ಹೋದ ತಿಂಗಳೂ ಇದೇ ಹೇಳಿದ್ರಿ.”

ಇಷ್ಟೇ. ಇಬ್ಬರೇ ಜನ, ಹೆಸರು ಆರು: ಸೀನ, ಸೀನೂ, ಕಿಟ್ಟಿ, ಕಿಟ್ಟ, ಸೀನು, ಕೃಷ್ಣಮೂರ್ತಿ. ಇವುಗಳಲ್ಲಿ ಯಾವುದು ಕಥೆಗೆ ಬೇಕು, ಯಾವುದು ಬಿಟ್ಟರೂ ನಡೆಯುತ್ತದೆ?

ಹಿಂದಿನಿಂದ ಶುರು ಮಾಡೋಣ, ಯಾಕೆಂದರೆ ಇಡೀ ತುಣುಕು ನಿಂತಿರುವುದು ಕೊನೆಯ ಸಾಲಿನ ಮೇಲೆ. ಕಿಟ್ಟ ಅನ್ನುತ್ತಿದ್ದವನು ಕೃಷ್ಣಮೂರ್ತಿ ಅಂದುಬಿಟ್ಟ. ಬರೀ ಅಷ್ಟೇ ಅಲ್ಲ, “ನೀನು” ಹೋಗಿ “ನೀವು” ಬಂತು. ಗೆಳೆತನ ಮುಗಿಯಿತು ಅಂತ ಬಾಯಿಬಿಟ್ಟು ಯಾರೂ ಹೇಳಲಿಲ್ಲ, ಆದರೆ ಕನ್ನಡ ಗೊತ್ತಿರುವವರಿಗೆ ಎದೆಗೆ ಒದ್ದ ಹಾಗೆ ಆಗುತ್ತದೆ. ಇಂಗ್ಲಿಷಿನಲ್ಲಿ “ನೀವು” ಇಲ್ಲ. ಹಾಗಾಗಿ ಆ ಕೆಲಸವನ್ನೆಲ್ಲ ಹೆಸರೇ ಮಾಡಬೇಕು. ಪೂರ್ತಿ ಹೆಸರು ಅಲ್ಲಿ ಬರಲೇಬೇಕು, ಅದೂ ಆ ಸಾಲಿನಲ್ಲೇ ಮೊದಲ ಸಲ ಅವನ ಬಾಯಿಂದ ಬರಬೇಕು. ನಾನು ಆ ಹೆಸರನ್ನು ವಾಕ್ಯದ ಮುಂದೆ ಒಂಟಿಯಾಗಿ ನಿಲ್ಲಿಸಿ, ಪೂರ್ಣವಿರಾಮ ಹಾಕುತ್ತೇನೆ. Krishnamurthy. ಆಮೇಲೆ ಉಳಿದ ವಾಕ್ಯ. ಆ ವಾಕ್ಯದಲ್ಲಿ ಮಾತಿನ ಭಾಷೆಯ ಮೊಟಕುಗಳನ್ನು ಬಳಸುವುದಿಲ್ಲ. ‘ಯು ಸೆಡ್ ದಿಸ್ ಲಾಸ್ಟ್ ಮಂತ್ ಆ್ಯಸ್ ವೆಲ್.’ ಹಿಂದಿನ ಸಾಲುಗಳು ಸಡಿಲವಾಗಿದ್ದರೆ ಮಾತ್ರ ಇದು ಬಿಗಿಯಾಗಿ ಕೇಳಿಸುತ್ತದೆ.

ಕೊನೆಯ ಸಾಲಿನಲ್ಲಿ ಕೃಷ್ಣಮೂರ್ತಿ ಯಾರು ಅಂತ ಓದುಗರು ಹುಡುಕುವ ಹಾಗೆ ಆದರೆ ಎಲ್ಲ ಕೆಟ್ಟಿತು. ಏಟು ಬೀಳಬೇಕಾದ ಜಾಗದಲ್ಲಿ ಪ್ರಶ್ನೆ ಹುಟ್ಟುತ್ತದೆ. ಆದ್ದರಿಂದ ಕಿಟ್ಟ ಮತ್ತು ಕೃಷ್ಣಮೂರ್ತಿ ಒಬ್ಬನೇ ಅನ್ನುವುದನ್ನು ತುಂಬಾ ಮೊದಲೇ, ಓದುಗರು ಆರಾಮಾಗಿ ಇರುವಾಗಲೇ ತಿಳಿಸಿಬಿಡಬೇಕು. ಕಥೆಯಾದರೆ ಅವನು ಬಾಗಿಲಿಗೆ ಬರುವ ಮೊದಲ ವಾಕ್ಯದಲ್ಲೇ ನಿರೂಪಕರ ಮಾತಾಗಿ ಬರಬಹುದು: ಬಂದವನು ಕೃಷ್ಣಮೂರ್ತಿ, ಈ ಮನೆಯವರಿಗೆ ಕಿಟ್ಟ. ಮೂಲದಲ್ಲಿ ಇಲ್ಲದ ನಾಲ್ಕು ಪದ ಸೇರಿಸಿದ ಹಾಗೆ ಆಯಿತು, ನಿಜ. ಮೂಲದ ಓದುಗರಿಗೆ ಅದು ಮೊದಲೇ ಗೊತ್ತಿತ್ತು, ಹೊಸ ಓದುಗರಿಗೆ ನಾವು ಅದನ್ನು ಕೊಡುತ್ತಿದ್ದೇವೆ. ಇದರಲ್ಲಿ ನನಗೆ ಯಾವ ಮುಜುಗರವೂ ಇಲ್ಲ. ಅಡಿಟಿಪ್ಪಣಿ ಹಾಕಿ ಹೇಳುವುದಕ್ಕಿಂತ ಇದು ಎಷ್ಟೋ ಮೇಲು.

ಈಗ ಕಿಟ್ಟಿ ಮತ್ತು ಕಿಟ್ಟ. ತಾಯಿ ಕಿಟ್ಟಿ ಅನ್ನುತ್ತಾರೆ, ಗೆಳೆಯ ಕಿಟ್ಟ ಅನ್ನುತ್ತಾನೆ. ಕನ್ನಡದಲ್ಲಿ ಚೆಂದದ ವ್ಯತ್ಯಾಸ. ಆದರೆ ತಾಯಿಗೆ ಈ ದೃಶ್ಯದಲ್ಲಿ ಒಂದೇ ಸಾಲು, ಅವರ ಪ್ರೀತಿಯ ಮೇಲೆ ಕಥೆ ತಿರುಗುವುದಿಲ್ಲ. ಹಾಗಾಗಿ ಕಿಟ್ಟಿಯನ್ನು ಬಿಡುತ್ತೇನೆ, ಇಬ್ಬರಿಗೂ Kitta ಒಂದೇ. ಅದು ಹೆಣ್ಣಿನ ಹೆಸರಾಗಿ ಕೇಳಿಸಬಹುದು ಅನ್ನುವ ಭಯ ಇಲ್ಲಿ ಇಲ್ಲ, ಅವನು ಗಂಡಸು ಅಂತ ನಿರೂಪಕರ ವಾಕ್ಯ ಮೊದಲೇ ಹೇಳಿದೆ. ಇದೇ ಕಥೆಯಲ್ಲಿ ಮುಂದೆ ತಾಯಿ ಸಾಯುವ ಕಾಲಕ್ಕೆ ಕಿಟ್ಟಿಯನ್ನು ಕೇಳುತ್ತಾರೆ ಅಂತ ಇದ್ದರೆ ಮಾತ್ರ ನಾನು ಬೇರೆ ತೀರ್ಮಾನ ಮಾಡುತ್ತಿದ್ದೆ. ಆಗ Kitti ಅನ್ನುವುದನ್ನು ಮೊದಲಿನಿಂದಲೂ ತಾಯಿಯ ಸೊತ್ತಾಗಿ ಉಳಿಸಬೇಕಾಗುತ್ತದೆ. ಅದಕ್ಕೇ ಹೇಳುವುದು, ಇಡೀ ಕಥೆ ಓದಿ ಮುಗಿಸದೆ ಹೆಸರುಗಳ ಬಗ್ಗೆ ತೀರ್ಮಾನ ಮಾಡಬಾರದು. ನಾನು ಕೆಲಸ ಶುರು ಮಾಡುವ ಮುಂಚೆ ಒಂದು ಹಾಳೆಯಲ್ಲಿ ಯಾರು ಯಾರನ್ನು ಏನಂತ ಕರೆಯುತ್ತಾರೆ ಅಂತ ಬರೆದುಕೊಳ್ಳುತ್ತೇನೆ, ಯಾವ ಪುಟದಲ್ಲಿ ಅದು ಬದಲಾಗುತ್ತದೆ ಅನ್ನುವುದನ್ನೂ ಗುರುತು ಹಾಕುತ್ತೇನೆ. ಬದಲಾಗುವ ಜಾಗಗಳು ಹೆಚ್ಚೇನೂ ಇರುವುದಿಲ್ಲ. ಆದರೆ ನಾವು ಕಾಪಾಡಬೇಕಾದದ್ದು ಅವನ್ನೇ.

“ಸೀನೂ” ಅನ್ನುವ ಉದ್ದ ಎಳೆತ ಬರೀ ಕೂಗು. ಒಳಮನೆಯಿಂದ ಕೇಳಿಸಲಿ ಅಂತ ತಾಯಿ ಎಳೆದದ್ದು. Seenuuu ಅಂತ ಬರೆಯುವವರನ್ನು ನೋಡಿದ್ದೇನೆ, ದಯವಿಟ್ಟು ಬೇಡ. ಒಳಗಿಂದ ಕೂಗಿದರು ಅಂತ ಹೇಳಿದರೆ ಸಾಕು.

ಉಳಿದದ್ದು ಸೀನ ಮತ್ತು ಸೀನು. ಇದು ಸೂಕ್ಷ್ಮ. ಬಾಗಿಲಲ್ಲಿ ನಿಂತು “ಲೋ ಸೀನ” ಅಂದವನು ದುಡ್ಡಿನ ಮಾತು ಬಂದಾಗ “ನೋಡು ಸೀನು” ಅನ್ನುತ್ತಾನೆ. ಯಾಕೆ? ಗೆಳೆಯನ ಹೆಸರು ಬಿಟ್ಟು ತಾಯಿ ಕರೆಯುವ ಹೆಸರನ್ನು ಹಿಡಿದ. ಪುಸಲಾಯಿಸುತ್ತಿದ್ದಾನೆ. ಶ್ರೀನಿವಾಸನಿಗೆ ಅದು ಗೊತ್ತಾಗಿದೆ, ಅದಕ್ಕೇ ಅವನ ಉತ್ತರ ಅಷ್ಟು ಕಟುವಾಗಿ ಬಂದಿದೆ. ಇದನ್ನು ಉಳಿಸಬೇಕು ಅಂದರೆ ಎರಡು ದಾರಿ. Seena ಮತ್ತು Seenu ಎರಡನ್ನೂ ಇಡಬಹುದು. ಆದರೆ ಕೊನೆಯ ಒಂದೇ ಅಕ್ಷರದ ಬದಲಾವಣೆಯನ್ನು ಹೊಸ ಓದುಗರು ಗಮನಿಸುವುದೇ ಇಲ್ಲ, ಗಮನಿಸಿದರೂ ಅಚ್ಚಿನ ತಪ್ಪು ಅಂದುಕೊಳ್ಳುತ್ತಾರೆ. ನಾನು ಎರಡನೇ ದಾರಿ ಹಿಡಿಯುತ್ತೇನೆ. ಹೆಸರು ಎಲ್ಲ ಕಡೆ Seenu. ಆ ಮೆತ್ತನೆಯ ಧಾಟಿಯನ್ನು ವಾಕ್ಯಕ್ಕೆ ಕೊಡುತ್ತೇನೆ. ಬಾಗಿಲಲ್ಲಿ ಒರಟಾಗಿ, ಚಿಕ್ಕದಾಗಿ, ‘ಸೀನು! ಯು ಇನ್?’ ದುಡ್ಡಿನ ಮಾತಿಗೆ ಬಂದಾಗ ಉದ್ದ ವಾಕ್ಯ, ಹೆಸರು ನಡುವೆ, ನಿಧಾನ. ‘ಲಿಸನ್, ಸೀನು, ಜಸ್ಟ್ ಗಿವ್ ಮಿ ಒನ್ ಮೋರ್ ಮಂತ್.’

ಹೀಗೆ ಆರು ಹೆಸರು ಮೂರಕ್ಕೆ ಇಳಿದವು: Seenu, Kitta, Krishnamurthy. ಕಳೆದುಹೋದ ಮೂರರಲ್ಲಿ ಒಂದು ಬರೀ ಕೂಗು, ಒಂದು ಈ ಕಥೆಗೆ ಬೇಕಿಲ್ಲದ್ದು, ಇನ್ನೊಂದು ವಾಕ್ಯದ ಧಾಟಿಯೊಳಗೆ ಸೇರಿಕೊಂಡಿದೆ.

“ಲೋ”, “ಕಣೋ”, “ಏನೋ” ಇವುಗಳ ಬಗ್ಗೆ ಒಂದು ಮಾತು. ಹೆಸರಿನ ಬಾಲದಲ್ಲಿ ಇರುವ ಸಲುಗೆಯ ಅಣ್ಣತಮ್ಮಂದಿರು ಇವು. ಗಂಡಸಾದರೆ ‘ಓ’, ಹೆಂಗಸಾದರೆ ‘ಏ’, ಬಾರೋ, ಬಾರೇ. ಇವಕ್ಕೆಲ್ಲ ‘ಡ್ಯೂಡ್’, ‘ಮ್ಯಾನ್’ ಅಂತ ಹಾಕುವುದು ಈಗ ರೂಢಿಯಾಗಿದೆ. ಬೆಂಗಳೂರಿನ ಕಾಲೇಜು ಹುಡುಗರ “ಮಗಾ”, “ಮಚ್ಚಾ”ಗಳಿಗೆ ಅದು ಒಪ್ಪಬಹುದು. ಐವತ್ತು ದಾಟಿದ ಇಬ್ಬರು ಗೆಳೆಯರ ಬಾಯಲ್ಲಿ ಅದು ಸಲ್ಲುವುದಿಲ್ಲ. “ಸುಮ್ನೆ ಬಂದೆ ಕಣೋ” ಅನ್ನುವುದಕ್ಕೆ ‘ನೋ ರೀಸನ್’ ಅಷ್ಟೇ ಸಾಕು. ಸಲುಗೆ ಇರುವವರ ನಡುವೆ ಮಾತು ಚಿಕ್ಕದಾಗುತ್ತದೆ. ಆ ಚಿಕ್ಕತನವೇ “ಕಣೋ” ಮಾಡುವ ಕೆಲಸವನ್ನು ಮಾಡುತ್ತದೆ.

ಸಬ್‌ಟೈಟಲ್ ಬರೆಯುವವರು ಈಗ ಅಸಮಾಧಾನದಿಂದ ನೋಡುತ್ತಿದ್ದೀರಿ, ಗೊತ್ತು. ನಿಮಗೆ ನಿರೂಪಕರೂ ಇಲ್ಲ, ಜಾಗವೂ ಇಲ್ಲ. ಸಾಮಾನ್ಯವಾಗಿ ಒಂದು ಸಾಲಿಗೆ 42 ಅಕ್ಷರ, ಎರಡೇ ಸಾಲು. ಇನ್ನೊಂದು ತೊಂದರೆ ಏನೆಂದರೆ ನಿಮ್ಮ ನೋಡುಗರಿಗೆ ಕಿವಿ ಇದೆ. ಕನ್ನಡ ಬಾರದವರಿಗೂ ಹೆಸರುಗಳು ಕೇಳಿಸುತ್ತವೆ. ನಟ “ಕಿಟ್ಟೀ” ಅಂತ ಕೂಗಿದಾಗ ಕೆಳಗೆ Krishna ಅಂತ ಬಂದರೆ ಯಾರೋ ಮೋಸ ಮಾಡುತ್ತಿದ್ದಾರೆ ಅನ್ನಿಸುತ್ತದೆ. ಹಾಗಾಗಿ ಪುಸ್ತಕದಲ್ಲಿ ನಾನು ಕಿಟ್ಟಿಯನ್ನು ಕಿಟ್ಟ ಮಾಡಿದ ಹಾಗೆ ಸಬ್‌ಟೈಟಲ್‌ನಲ್ಲಿ ಮಾಡಬಾರದು. ಕೇಳಿಸಿದ ಹೆಸರನ್ನೇ ಬರೆಯಿರಿ, ಇಲ್ಲವೇ ಹೆಸರನ್ನು ಪೂರ್ತಿ ಬಿಡಿ. ಬಿಡುವುದು ತುಂಬಾ ಸಲ ಸರಿಯಾದ ದಾರಿ. ಎದುರಿಗೆ ನಿಂತು ಮಾತಾಡುವಾಗ ಯಾರು ಯಾರಿಗೆ ಹೇಳುತ್ತಿದ್ದಾರೆ ಅನ್ನುವುದು ಕಣ್ಣಿಗೇ ಕಾಣುತ್ತದೆ. ಧ್ವನಿಯಲ್ಲಿರುವ ಪ್ರೀತಿ ಕಿವಿಗೆ ಕೇಳುತ್ತದೆ. ಉಳಿದ ಅಕ್ಷರಗಳನ್ನು ಮಾತಿಗೆ ಬಳಸಿಕೊಳ್ಳಬಹುದು.

ಆದರೆ ಕೊನೆಯ ಸಾಲಿನಂಥ ಜಾಗದಲ್ಲಿ, ಕಿಟ್ಟ ಕೃಷ್ಣಮೂರ್ತಿ ಆಗುವ ಕಡೆ, ಹೆಸರನ್ನು ಬಿಡುವ ಹಾಗಿಲ್ಲ. ಅಲ್ಲಿ ಬೇರೆ ಏನನ್ನಾದರೂ ಕತ್ತರಿಸಿ. ಸಾಧ್ಯವಾದರೆ ಹೆಸರಿಗೆ ಒಂದು ಪೂರ್ತಿ ಸಬ್‌ಟೈಟಲ್ ಕೊಡಿ, ಉಳಿದದ್ದು ಮುಂದಿನದರಲ್ಲಿ ಬರಲಿ. ನಟ ಆ ಹೆಸರಿನ ನಂತರ ಒಂದು ಉಸಿರು ನಿಂತಿರುತ್ತಾನೆ, ಆ ಬಿಡುವು ನಿಮಗೆ ಸಿಗುತ್ತದೆ. ಪೂರ್ತಿ ಹೆಸರಿನ ಪರಿಚಯ ಮೊದಲೇ ಮಾಡಿಸುವುದಕ್ಕೂ ನಿಮಗೆ ಒಂದು ಅನುಕೂಲ ಇದೆ. ಸಿನಿಮಾದಲ್ಲಿ ಮದುವೆ ಕರೆಯೋಲೆ, ಮನೆಯ ಬೋರ್ಡು, ಚೆಕ್ಕು ಹೀಗೆ ಏನಾದರೂ ಒಂದರ ಮೇಲೆ ಹೆಸರು ಕಾಣಿಸುತ್ತದೆ. ಕನ್ನಡದಲ್ಲಿ ಬರೆದದ್ದು ಅಂತ ಅದನ್ನು ಬಿಟ್ಟುಬಿಡುತ್ತೇವೆ. ಬಿಡಬೇಡಿ, ಅದನ್ನು ಸಬ್‌ಟೈಟಲ್‌ನಲ್ಲಿ ಕೊಡಿ.

ಮಾತು ಮುಗಿದ ಮೇಲೆ ಒಂದು ಪ್ರಶ್ನೆ ಬಂತು, ಅದನ್ನೂ ಇಲ್ಲಿ ಬರೆಯುತ್ತೇನೆ. ತಾಯಿ ಪುಟ್ಟ ಮಗನಿಗೆ “ಬಾಪ್ಪಾ”, ಮಗಳಿಗೆ “ಬಾಮ್ಮಾ” ಅನ್ನುತ್ತಾಳಲ್ಲ, ಆ ಅಪ್ಪ-ಅಮ್ಮ ಏನು ಮಾಡುವುದು ಅಂತ ಒಬ್ಬರು ಮೇಡಂ ಕೇಳಿದರು. ಅದು ಅಪ್ಪನೂ ಅಲ್ಲ ಅಮ್ಮನೂ ಅಲ್ಲ, ಬರೀ ಮುದ್ದು. ಅದನ್ನು ‘ಫಾದರ್’ ಅಂತ ಮಾಡಬಾರದು ಅನ್ನುವುದು ಎಲ್ಲರಿಗೂ ಗೊತ್ತು. ನಾನು ಅಲ್ಲಿ ಮಗುವಿನ ಹೆಸರನ್ನೇ ಹಾಕುತ್ತೇನೆ, ಅದೂ ಚಿಕ್ಕ ಹೆಸರು. ತಾಯಿ ಆ ಸಾಲಿನಲ್ಲಿ ಹೆಸರು ಹೇಳದೇ ಇದ್ದರೂ ಸರಿ. ಇಂಗ್ಲಿಷಿನಲ್ಲಿ ಅಮ್ಮ ಮಗುವನ್ನು ಮುದ್ದಿನಿಂದ ಕರೆಯುವಾಗ ಅದರ ಪುಟ್ಟ ಹೆಸರೇ ಬಾಯಿಗೆ ಬರುತ್ತದೆ, ಇಲ್ಲವೇ ‘ಸ್ವೀಟ್‌ಹಾರ್ಟ್’ ಅನ್ನುವಂಥದ್ದು. ಎರಡನೆಯದನ್ನು ಹಳ್ಳಿಯ ತಾಯಿಯ ಬಾಯಲ್ಲಿ ಇಡಲು ನನಗೆ ಮನಸ್ಸಾಗುವುದಿಲ್ಲ. “ಬಾಪ್ಪಾ, ಊಟ ಮಾಡು” ಅನ್ನುವ ಕಡೆ ‘ಕಮ್ ಆ್ಯಂಡ್ ಈಟ್, ಪುಟ್ಟು’ ಅಂತ ಬರೆದರೆ ಓದುಗರಿಗೆ ಪುಟ್ಟು ಅಂದರೆ ಏನು ಅಂತ ಗೊತ್ತಿಲ್ಲದಿದ್ದರೂ ಅದು ಮುದ್ದು ಅನ್ನುವುದು ಗೊತ್ತಾಗುತ್ತದೆ. ಕೇರಳದ ತಿಂಡಿ ಗೊತ್ತಿರುವ ಓದುಗರು ಜಾಸ್ತಿ ಇರುವ ಪುಸ್ತಕವಾದರೆ ಮಾತ್ರ Putta ಅಂತ ಮಾಡಿ.